ಕೋರ್ ಅವರ್ಸ್ ನಡುವಿನ ಊಟ

ಆ ವರ್ಷ ನನ್ನ ಮಧ್ಯಾಹ್ನದ ಊಟಕ್ಕೆ ಜೊತೆಯಿದ್ದದ್ದು ಒಬ್ಬರೇ. ಅವರೂ ಲ್ಯಾಪ್‌ಟಾಪಿನ ಪರದೆಯ ಆಚೆಗಿದ್ದರು.

ಧಾರವಾಡ ಕಡೆಯ ಹೆಂಗಸು, ನನ್ನ ತಾಯಿಯ ವಯಸ್ಸಿನವರು; ನಾನು ಆಂಟಿ ಎನ್ನುತ್ತಿದ್ದೆ. ಅಮೇರಿಕಾದ ಬಾಸ್ಕಿಂಗ್ ರಿಡ್ಜ್‌ನಲ್ಲಿದ್ದ ನಮ್ಮ ಕಂಪನಿ ಆಸ್ಪತ್ರೆಗಳ ಬಿಲ್ಲಿಂಗ್ ನೋಡಿಕೊಳ್ಳುತ್ತಿತ್ತು. ಬಿಲ್ಲು ಕಂಡು ಗಾಬರಿಯಾದ ರೋಗಿಗಳ ಫೋನುಗಳಿಗೆ ಉತ್ತರಿಸುವುದು ಅವರ ಕೆಲಸ. ವಿಶ್ವವಿದ್ಯಾಲಯದ ಓದು ಮುಗಿಸಿ ಎಚ್‌ಆರ್ ವಿಭಾಗಕ್ಕೆ ಸೇರಿದ್ದ ನನ್ನ ಕೆಲಸ, ಯಾರು ಎಷ್ಟು ಹೊತ್ತು ದುಡಿದರು ಎಂಬುದು ಪೇರೋಲಿಗೆ, ಅಂದರೆ ಸಂಬಳದ ಲೆಕ್ಕಕ್ಕೆ, ಸರಿಯಾಗಿ ತಲುಪುವಂತೆ ನೋಡಿಕೊಳ್ಳುವುದು. ನಮ್ಮ ವಿಭಾಗ ಆಫೀಸಿಗೆ ಹೋಗುವ ದಿನ ಮಂಗಳವಾರ, ಅವರದ್ದು ಗುರುವಾರ. ಹೀಗಾಗಿ ಒಂದೇ ಕಟ್ಟಡದಲ್ಲಿ ಕೆಲಸವಿದ್ದೂ ನಾವು ಅಲ್ಲಿ ಭೇಟಿಯಾಗುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮನೆಯಿಂದಲೇ ಕೆಲಸ; ಐಸೆಲಿನ್ ಊರಿನ ನನ್ನ ಬಾಡಿಗೆ ಕೋಣೆಯಲ್ಲಿ ಹನ್ನೆರಡಕ್ಕೆ ಡಬ್ಬಿ ತೆರೆದು ವಿಡಿಯೋ ಕಾಲ್ ಒತ್ತುತ್ತಿದ್ದೆ. ಬೆಳಗಿನಿಂದ ಅಲ್ಲಿಯವರೆಗೆ ಯಾರೊಡನೆಯೂ ಒಂದು ಮಾತೂ ಆಡಿರುತ್ತಿರಲಿಲ್ಲ.

"ಮತ್ತ ಮೊಸರನ್ನನ ಏನವಾ?" ಅವರು ಪರದೆಗೆ ಕಣ್ಣು ತಂದು ನೋಡುತ್ತಿದ್ದರು. "ಅಮೇರಿಕಾಕ್ಕ ಬಂದು ಮೊಸರನ್ನ ಉಂಡು ಸಾಯಾಕ ಡಿಗ್ರಿ ಯಾಕ ಬೇಕಿತ್ತು ನಿನಗ?"

"ನಿಮ್ಮ ರೊಟ್ಟಿ ಮೊದಲು ತಿನ್ನಿ ಆಂಟಿ, ಆರತಾ ಇದೆ."

"ತಡಿ, ಫೋನ್ ಬಂತು." ಹೆಡ್‌ಸೆಟ್ ಏರುತ್ತಿತ್ತು, ನಮ್ಮ ಕರೆಯ ಮೈಕು ಬಂದ್ ಆಗುತ್ತಿತ್ತು. ಶಬ್ದವಿಲ್ಲದೆ ಅಲುಗುವ ಅವರ ತುಟಿಗಳನ್ನು ನೋಡುತ್ತ ನಾನು ಉಣ್ಣುತ್ತಿದ್ದೆ. ಫೋನು ಮುಗಿಯುವ ಹೊತ್ತಿಗೆ ರೊಟ್ಟಿ ಅಂಚಿನಲ್ಲಿ ಮೇಲೆದ್ದಿರುತ್ತಿತ್ತು. ಅದನ್ನು ಮುರಿಯುವಷ್ಟರಲ್ಲಿ ಇನ್ನೊಂದು ಫೋನು. ಇದನ್ನು ನಾನು ಬಹಳ ದಿನ ಊಟವೆಂದೇ ತಿಳಿದಿದ್ದೆ.

ಅಷ್ಟರಲ್ಲಿ ಕಂಪನಿ ಕೆಲಸದ ಹೊತ್ತಿಗೊಂದು ಹೊಸ ನಿಯಮ ಮಾಡಿತು. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಕೋರ್ ಅವರ್ಸ್: ಮನೆಯಲ್ಲಿರಲಿ, ಆಫೀಸಿನಲ್ಲಿರಲಿ, ಎಲ್ಲರೂ ಕೈಗೆ ಸಿಗಬೇಕು. ಉಳಿದ ಗಂಟೆಗಳು ಫ್ಲೆಕ್ಸಿಬಲ್: ಬೆಳಿಗ್ಗೆ ಏಳರಿಂದ ಸಂಜೆ ಏಳರೊಳಗೆ ಅವರವರ ಅನುಕೂಲದಂತೆ. ನನ್ನಂಥ ನಿಗದಿತ ಸಂಬಳದವರಿಗೆ ಇದರಿಂದ ವ್ಯತ್ಯಾಸವಿಲ್ಲ, ಎಷ್ಟು ಹೊತ್ತು ಕುಳಿತರೂ ಬರುವುದು ಅಷ್ಟೇ. ಆಂಟಿಯಂತೆ ಗಂಟೆಯ ಲೆಕ್ಕದಲ್ಲಿ ದುಡಿಯುವವರು ಮಾತ್ರ ಕೆಲಸ ಶುರುಮಾಡಿದ ಹೊತ್ತನ್ನೂ ಮುಗಿಸಿದ ಹೊತ್ತನ್ನೂ ಟೈಮ್‌ಶೀಟಿನಲ್ಲಿ ದಾಖಲಿಸಬೇಕು. ಆ ನಿಯಮವನ್ನು ಪೇರೋಲಿನ ಕಂಪ್ಯೂಟರ್ ವ್ಯವಸ್ಥೆಯೊಳಗೆ ಕೂರಿಸುವ ಕೆಲಸ ನನಗೆ ಬಂತು.

ಪರೀಕ್ಷೆಗೆಂದು ಆಂಟಿಯ ಒಂದು ದಿನವನ್ನೇ ತೆಗೆದುಕೊಂಡೆ. ಎಂಟಕ್ಕೆ ಶುರು, ನಾಲ್ಕೂವರೆಗೆ ಮುಕ್ತಾಯ. ವ್ಯವಸ್ಥೆ ಎಂಟೂವರೆಯ ಬದಲು ಎಂಟು ಗಂಟೆ ಎಂದು ತೋರಿಸಿತು. ಆರು ಗಂಟೆ ಮೀರಿದ ಯಾವ ದಿನದಿಂದಲೂ ಊಟದ ಅರ್ಧ ಗಂಟೆಯನ್ನು ಯಾರನ್ನೂ ಕೇಳದೆ ಕಳೆಯುವಂತೆ ಹಿಂದೆಂದೋ ಯಾರೋ ಅದನ್ನು ಹೊಂದಿಸಿದ್ದರು. ಆ ದಿನ ನನಗೆ ನೆನಪಿತ್ತು. ಆ ಅರ್ಧ ಗಂಟೆಯಲ್ಲಿ ಅವರು ಒಂದರ ಮೇಲೊಂದು ಫೋನು ತೆಗೆದುಕೊಂಡದ್ದನ್ನು ಮೊಸರನ್ನ ಕಲಸುತ್ತ ನಾನೇ ನೋಡಿದ್ದೆ. ಕೆಲಸದಿಂದ ಪೂರ್ತಿ ಬಿಡುವು ಸಿಗದ ಊಟದ ಹೊತ್ತು ಈ ದೇಶದ ಕಾನೂನಿನಲ್ಲೂ ಕೆಲಸದ ಹೊತ್ತೇ. ಮನೆಯಲ್ಲಿ ಕುಳಿತಿದ್ದರೆಂಬ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಮರುದಿನ ಆಂಟಿಗೆ ಹೇಳಿದೆ. ಅವರು ನಕ್ಕರು.

"ಅರ್ಧ ತಾಸಿಗೆ ಯಾಕ ಜಗಳ ತೆಗಿತಿ? ಅದು ನಿನ್ನ ಜೋಡಿ ಕುಂತು ಉಂಡದ್ದಲ್ಲೇನು?"

"ಉಂಡಿದ್ದು ನಾನು, ಆಂಟಿ. ನೀವು ಫೋನ್ ತಗೊಂಡ್ರಿ."

"ಮ್ಯಾಲಿನವ್ರ ಜೋಡಿ ಬಡಿದಾಡಿ ನಿನ್ನ ಕೆಲಸಕ್ಕ ಕುತ್ತು ತಂದ್ಕೋಬ್ಯಾಡ. ಮೊದಲ ನೀ ವೀಸಾದ ಮ್ಯಾಲ ಇದ್ದಿ. ಮತ್ತ ನೋಡು, ಊಟಕ್ಕ ಬಿಡುವು ಕೊಡೂ ನಿಯಮ ಆತಂದ್ರ ಹಿಂಗ ಕುಂತು ಮಾತಾಡೂದು ಇರೂದಿಲ್ಲ."

ಆ ಕೊನೆಯ ಮಾತು ನನಗೆ ಹೊಳೆದಿರಲಿಲ್ಲವೆಂದರೆ ಸುಳ್ಳಾದೀತು. ಊಟ ನಿಜವಾದ ಬಿಡುವಾದರೆ ಹೆಡ್‌ಸೆಟ್ಟಿನ ಜೊತೆ ಲ್ಯಾಪ್‌ಟಾಪೂ ಮುಚ್ಚಬೇಕು. ಇಡೀ ದಿನದಲ್ಲಿ ನಾನು ಕನ್ನಡ ಕೇಳುತ್ತಿದ್ದ ಒಂದೇ ಅರ್ಧ ಗಂಟೆ ಅದರೊಳಗಿತ್ತು. ಆದರೂ ಮಂಗಳವಾರ ಆಫೀಸಿಗೆ ಹೋದವಳು ನೇರವಾಗಿ ಪೇರೋಲ್ ಮ್ಯಾನೇಜರ್ ಮುಂದೆ ಕುಳಿತೆ. ಅವರು ಬೆಂಗಳೂರಿನವರು, ಕೆಟ್ಟವರಲ್ಲ. ಮೀಟಿಂಗಿನಲ್ಲೇ ಊಟ ಮುಗಿಸಿ ಅಭ್ಯಾಸವಾದವರು.

"ಊಟ ಯಾವಾಗ ಬೇಕಾದ್ರೂ ಮಾಡ್ಕೊಳ್ಳಲಿ, ಯಾರು ಬೇಡ ಅಂದ್ರು?" ಎಂದರು.

"ಕೋರ್ ಅವರ್ಸ್ ಮಧ್ಯೆ ಫೋನ್ ಬಂದ್ರೆ?"

"ಎತ್ತಬೇಕಪ್ಪ. ಪೇಷಂಟ್ ಕಾಯ್ತಾ ಇರ್ತಾರೆ."

"ಹಾಗಿದ್ರೆ ಅದು ಊಟದ ಹೊತ್ತು ಅಂತ ಯಾಕೆ ಕಳೀತೀವಿ?"

"ನಾನೂ ಡೆಸ್ಕಲ್ಲೇ ತಿಂತೀನಲ್ಲ."

"ನಿಮ್ಮ ಸಂಬಳದಿಂದ ಯಾರೂ ಏನೂ ಕಳೆಯಲ್ಲ ಸರ್."

ಅವರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. "ಕಾಲೇಜಲ್ಲಿ ಡಿಬೇಟ್ ಟೀಮಲ್ಲಿ ಇದ್ರಾ ನೀವು?"

"ಇದ್ದೆ. ಊಟದಲ್ಲಿ ಯಾರೂ ಫೋನ್ ಎತ್ತೋದಿಲ್ಲ ಅಂತ ನೀವು ಬರೆದು ಕೊಡಿ. ಹೊಸ ನಿಯಮದಲ್ಲೂ ಆ ಕಡಿತವನ್ನ ಈಗಲೇ ಆನ್ ಮಾಡ್ತೀನಿ."

ಅವರು ಬರೆದುಕೊಡಲಿಲ್ಲ. ಕಂಪನಿಯ ವಕೀಲರನ್ನು ಕೇಳುವುದಾಗಿ ಹೇಳಿದರು. ಆ ವಾರವಿಡೀ ಸಹೋದ್ಯೋಗಿಗಳ ಸಂದೇಶಗಳು ಚುಟುಕಾದವು. ತೊಂದರೆ ಕೊಡುವವಳೆಂಬ ಹೆಸರು ಎಷ್ಟು ಬೇಗ ಹಬ್ಬುತ್ತದೆಂದು ತಿಳಿಯಿತು. ನನಗೆ ಸಿಟ್ಟಿತ್ತು, ಈಗಲೂ ಇದೆ. ಯಂತ್ರ ತಾನಾಗಿ ಕಳೆಯಿತು ಎಂದರೆ ಯಾರೂ ಉತ್ತರ ಹೇಳಬೇಕಾಗಿಲ್ಲ ಎಂಬಂತೆ ನಡೆದುಕೊಳ್ಳುವ ಜನರ ಮೇಲೆ. ಯಂತ್ರಕ್ಕೆ ಹಾಗೆ ಕಳೆಯಲು ಹೇಳಿದ ಕೈ ಒಂದು ಇದ್ದೇ ಇರುತ್ತದೆ, ಮತ್ತು ಈ ಸಲ ಅದು ನನ್ನ ಕೈಯಾಗಲಿತ್ತು.

ವಕೀಲರ ಉತ್ತರ ನನ್ನ ಪರವಾಗಿ ಬಂತು. ತಾನಾಗಿ ಕಳೆಯುವುದನ್ನು ತೆಗೆದುಹಾಕಿದೆವು. ಕೋರ್ ಅವರ್ಸ್ ಮಧ್ಯೆ ಹನ್ನೆರಡರಿಂದ ಒಂದರವರೆಗೆ ಬಿಡುವಿನ ಹೊತ್ತಾಯಿತು. ಫೋನಿನವರು ಎರಡು ತಂಡವಾಗಿ, ಮೊದಲ ಅರ್ಧ ಗಂಟೆ ಒಂದು ತಂಡ, ಎರಡನೆಯ ಅರ್ಧ ಗಂಟೆ ಇನ್ನೊಂದರಂತೆ ಉಣ್ಣಬೇಕು. ಊಟಕ್ಕೆ ಹೋಗುವಾಗ, ಬಂದಾಗ ಅವರೇ ದಾಖಲಿಸಬೇಕು. ನಡುವೆ ಕೆಲಸ ಬಿದ್ದರೆ ಗುರುತು ಹಾಕಬೇಕು, ಆ ಹೊತ್ತು ಸಂಬಳಕ್ಕೆ ಸೇರುತ್ತದೆ. ಹಿಂದೆ ಕಳೆದಿದ್ದನ್ನು ಪ್ರತಿಯೊಬ್ಬರನ್ನೂ ಕೇಳಿ ಸರಿಪಡಿಸಿದೆವು. ಬಿಡುವಿನಲ್ಲಿರುವವರಿಗೆ ಆಫೀಸಿನ ಕಾಲ್ ಆಗಲಿ ಚಾಟ್ ಆಗಲಿ ತಲುಪದಂತೆ ತಡೆಯಬೇಕೆಂದು ಕೇಳಿಕೊಂಡವಳೂ ನಾನೇ.

ಜಾರಿಗೆ ಬಂದ ದಿನ ಹನ್ನೆರಡಕ್ಕೆ ಡಬ್ಬಿ ತೆರೆದು, ಅಭ್ಯಾಸಬಲದಿಂದ ಅವರ ಹೆಸರನ್ನು ಒತ್ತಿದೆ. ಕರೆ ಹೋಗಲಿಲ್ಲ. ಅವರು ಕೈಗೆ ಸಿಗುತ್ತಾರೆಂದು ತೋರಿಸುವ, ಹೆಸರಿನ ಪಕ್ಕದ ಹಸಿರು ಚುಕ್ಕೆ ಬೂದು ಬಣ್ಣಕ್ಕೆ ತಿರುಗಿತ್ತು.

ಶನಿವಾರ ಓಕ್ ಟ್ರೀ ರೋಡಿನ ಕಿರಾಣಿ ಅಂಗಡಿಯಲ್ಲಿ ಅವರು ಸಿಕ್ಕರು. ಪಕ್ಕದಲ್ಲಿ ಕಾರ್ಟು ತಳ್ಳುತ್ತ ಅವರ ಗಂಡ, ಅಂಕಲ್. ಅವರದ್ದೂ ಮನೆಯಿಂದಲೇ ಕೆಲಸ.

"ಈಗ ಇಬ್ರೂ ಕೂಡಿ ಕುಂತು ಉಣ್ತೀವಿ," ಎಂದರು ಆಂಟಿ. "ಒಂದ ಮನ್ಯಾಗಿದ್ದು ಇವ್ರ ಮುಖ ಹಗಲೊತ್ತು ನೋಡಿರ್ಲಿಲ್ಲ ನಾ."

"ನೋಡಿ ಏನ್ ಮಾಡ್ತಿದ್ದಿ," ಎಂದರು ಅಂಕಲ್. "ರೊಟ್ಟಿ ಬಿಸಿ ಸಿಗತೈತಿ ನೋಡವಾ, ಅಷ್ಟ ಸಾಕು ನನಗ. ನಿನ್ನ ಪುಣ್ಯ."

ಆಂಟಿ ನನ್ನ ಬುಟ್ಟಿಯೊಳಗೆ ಇಣುಕಿದರು. ಮೊಸರಿನ ಡಬ್ಬಿಯಿತ್ತು. ಅವರು ಅಣಕಿಸಲಿಲ್ಲ. "ಸಂಜಿಗೆ ಫೋನ್ ಮಾಡ, ತಂಗೀ" ಎಂದು ನನ್ನ ತೋಳು ಹಿಡಿದರು. ಮಾಡುತ್ತೇನೆಂದೆ. ಒಂದೆರಡು ಸಲ ಮಾಡಿಯೂ ಮಾಡಿದೆ. ಸಂಜೆಯ ಫೋನಿಗೆ ಮಾತು ಹುಡುಕಬೇಕಾಗುತ್ತಿತ್ತು. ಊಟಕ್ಕೆ ಕುಳಿತವರಿಗೆ ಆ ಕಷ್ಟವಿರಲಿಲ್ಲ.

ಫೋನ್ ವಿಭಾಗದ ಟೈಮ್‌ಶೀಟುಗಳನ್ನು ಅವರ ಸೂಪರ್‌ವೈಸರ್ ಒಪ್ಪಿದ ಮೇಲೆ, ಪೇರೋಲಿಗೆ ಹೋಗುವ ಮುನ್ನ, ನಾನು ಸೋಮವಾರ ಕೊನೆಯದಾಗಿ ನೋಡುತ್ತೇನೆ. ಆಂಟಿಯ ಸಾಲುಗಳಲ್ಲಿ ಹನ್ನೆರಡಕ್ಕೆ ಹೊರಗೆ, ಹನ್ನೆರಡೂವರೆಗೆ ಒಳಗೆ. ನಡುವೆ ಕೆಲಸ ಬಿದ್ದ ಗುರುತು ಒಂದು ದಿನವೂ ಇಲ್ಲ. ಪ್ರತಿ ಸಾಲನ್ನೂ ಬೇಕಾದದ್ದಕ್ಕಿಂತ ನಿಧಾನವಾಗಿ ಓದುತ್ತೇನೆ. ನಾನು ಯಾವಾಗ ಉಂಡೆನೆಂದು ಯಾವ ವ್ಯವಸ್ಥೆಯೂ ಕೇಳುವುದಿಲ್ಲ; ನಾನು ಸಂಬಳದವಳು. ಹಾಗಾಗಿ ಅವರ ವಾರವನ್ನು ಓದುತ್ತಲೇ ಡಬ್ಬಿ ತೆರೆಯುತ್ತೇನೆ.