ಮಾತಿನ ಮೇಲೆ ಕೂರುವ ಹೆಸರು

ಚಾಮರಾಜಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಯ ಜೊತೆಗೆ ಸಿನಿಮಾದವರ ಸ್ಕ್ರಿಪ್ಟನ್ನೂ ಮಾಡಿಕೊಡುತ್ತೇನೆ. ಅವರು ಕಥೆಯ ಹಾಗೆ ಬರೆದು ತರುತ್ತಾರೆ. ನಾನು ಅದನ್ನು ಸೀನುಗಳಾಗಿ ಒಡೆಯುತ್ತೇನೆ. ಜಾಗ ಅಥವಾ ಹೊತ್ತು ಬದಲಾದಲ್ಲೆಲ್ಲ ಹೊಸ ತಲೆಬರಹ, ಪುಟದ ನಡುವೆ ಮಾತಾಡುವವರ ಹೆಸರು, ಅದರ ಕೆಳಗೆ ಎರಡೂ ಕಡೆಯಿಂದ ಒಳಕ್ಕೆ ಸರಿದ ಮಾತು. ಇಂಗ್ಲಿಷಿನಲ್ಲಾದರೆ ತಲೆಬರಹವೂ ಹೆಸರೂ ದೊಡ್ಡಕ್ಷರದಲ್ಲಿರಬೇಕು. ನಮ್ಮ ಅಕ್ಷರದಲ್ಲಿ ಚಿಕ್ಕದು ದೊಡ್ಡದು ಎಂಬ ಭೇದವಿಲ್ಲ, ದಪ್ಪ ಮಾಡಿಬಿಡುತ್ತೇನೆ.

ಕಳೆದ ವರ್ಷ ಒಬ್ಬ ಬಸ್ ಕಂಡಕ್ಟರಮ್ಮ ನಲವತ್ತು ಪುಟ ಕಳಿಸಿದ್ದರು. ಕೊನೇ ಸ್ಟಾಪಿನಲ್ಲಿ ಬಸ್ ನಿಂತಾಗಲೆಲ್ಲ ಮೊಬೈಲಿನಲ್ಲಿ ಬರೆದದ್ದು. ಪ್ಯಾರಾ ಎಂಬುದೇ ಇಲ್ಲ, ಹಾಲು ಉಕ್ಕುವುದೂ ಮಗಳ ಮದುವೆಯೂ ಒಂದೇ ಉಸಿರಿಗೆ! ಬೈದುಕೊಂಡೇ ಕೆಲಸ ಮಾಡಿದೆ. ಆದರೆ ಕಥೆ ಮಾತ್ರ ಬಿಡಲಿಲ್ಲ, ಊಟಕ್ಕೂ ಏಳದೆ ಓದಿಸಿತು.

ಮೂರನೇ ದಿನ ಮಧ್ಯಾಹ್ನ ಆಕೆ ಖಾಕಿಯಲ್ಲೇ ಬಂದರು.

"ಅಕ್ಕಾ, ನಾಲ್ಕು ಗಂಟೆಗೆ ಮಲ್ಲೇಶ್ವರದಲ್ಲಿ ಡೈರೆಕ್ಟರ್‌ಗೆ ಕೊಡ್ಬೇಕು. ನಾಳೆ ಅವ್ರು ಔಟ್‌ಡೋರ್ ಶೂಟಿಂಗಿಗೆ ಹೋಗ್ಬಿಡ್ತಾರೆ."

"ಆಗಿದೆ, ಕೂತ್ಕೊಳಿ. ಯಾಕಿಷ್ಟು ಗಾಬರಿ?"

"ಹೋದ್ಸಲ ಇದನ್ನೇ ಬೇರೆ ಡೈರೆಕ್ಟರೊಬ್ರು ಓದಿ, ಕಥೆ ಚೆನ್ನಾಗಿದೆ, ಹೀರೋಯಿನ್ನೇ ಎಲ್ಲಿದಾಳಮ್ಮಾ ಅಂತ ವಾಪಸ್ ಕೊಟ್ರು. ಇವ್ರೂ ಹಂಗೇ ಅಂದ್ರೆ ಇನ್ಮೇಲೆ ಬರೆಯಲ್ಲ ಅಂತ ಮಾಡ್ಕೊಂಡಿದೀನಿ."

ಕೊನೆಗೊಮ್ಮೆ ನೋಡಿಬಿಡೋಣವೆಂದು ಪಾತ್ರಗಳ ಪಟ್ಟಿ ತೆಗೆದೆ. ಯಾರಿಗೆ ಎಷ್ಟು ಮಾತು ಎಂದು ಸಾಫ್ಟ್‌ವೇರ್ ತಾನೇ ಎಣಿಸಿಕೊಡುತ್ತದೆ. ಮೇಲೆ ಗಂಡ, ಆಮೇಲೆ ಮಗಳು. ಕೆಳಗೆ ಸ್ವಲ್ಪ ಸ್ವಲ್ಪ ಮಾತಿರುವವರ ಸಾಲು: ಅಮ್ಮ, ಅತ್ತಿಗೆ, ಸೊಸೆ, ದೊಡ್ಡಮ್ಮ, ಹೆಂಡತಿ.

ಅಯ್ಯೋ ನನ್ನ ಮಂಡೆಯೇ! ಈ ಐದೂ ಒಬ್ಬಳೇ ಹೆಂಗಸು. ಮಗಳಿರುವ ಸೀನಿನಲ್ಲಿ ಆಕೆಯನ್ನು ಅಮ್ಮ ಎಂದು ಬರೆದಿದ್ದರು, ಮೈದುನ ಬಂದರೆ ಅತ್ತಿಗೆ, ಅತ್ತೆಯ ಮುಂದೆ ಸೊಸೆ. ಗಂಡನಂತೂ "ಏ, ಇವಳೇ" ಎಂದೇ ಕೂಗುತ್ತಿದ್ದ. ಓದುವಾಗ ನನಗೆ ಗೊತ್ತಾಗುತ್ತಿತ್ತು, ನಾನೂ ಅಂಥ ಮನೆಯವಳೇ. ಹಾಗಾಗಿ ಅವರು ಬರೆದ ಹಾಗೆಯೇ ಕೂರಿಸಿಬಿಟ್ಟಿದ್ದೆ. ತಪ್ಪು ನನ್ನದೇ. ಸ್ಕ್ರಿಪ್ಟಿನಲ್ಲಿ ಒಬ್ಬರಿಗೆ ಮೊದಲಿಂದ ಕೊನೆಯವರೆಗೆ ಒಂದೇ ಹೆಸರಿರಬೇಕು, ಇಲ್ಲದಿದ್ದರೆ ಓದುವವರಿಗೆ ಐದು ಜನ ಕಾಣುತ್ತಾರೆ.

"ನೋಡಿ, ನಿಮ್ ಹೀರೋಯಿನ್ ಇಲ್ಲೇ ಇದಾಳೆ. ಐದು ತುಂಡಾಗಿದಾಳೆ ಅಷ್ಟೆ. ಏನ್ರೀ ಈಕೆ ಹೆಸರು?"

ಆಕೆ ಸ್ಕ್ರೀನಿನತ್ತ ಬಗ್ಗಿ ಪಟ್ಟಿ ನೋಡಿದರು. ಕಥೆ ಅವರ ತಾಯಿಯದಂತೆ. ಹೆಸರು ಬೇಕೆಂದು ಬರೆಯುವಾಗ ಹೊಳೆದೇ ಇರಲಿಲ್ಲ. ಫೋನ್ ಹಚ್ಚಿದರು.

"ಅಮ್ಮಾ, ಸ್ಕ್ರಿಪ್ಟಲ್ಲಿ ನಿನ್ ಹೆಸ್ರು ಹಾಕ್ತೀನಿ ಕಣಮ್ಮ."

ಆ ಕಡೆಯ ಧ್ವನಿ ನನಗೂ ಕೇಳಿಸಿತು. "ನಂದ್ಯಾಕೆ? ಯಾವ್ದಾದ್ರೂ ಒಳ್ಳೇ ಹೆಸ್ರು ಹಾಕೇ."

ನನಗೆ ಎಲ್ಲಿತ್ತೋ ಸಿಟ್ಟು. "ಅದಕ್ಕಿಂತ ಒಳ್ಳೇದು ಸಿಗಲ್ಲ ಅನ್ರೀ!" ಎಂದು ಇಲ್ಲಿಂದಲೇ ಕೂಗಿದೆ. ಆಚೆ ಕಡೆ ನಗು ಕೇಳಿಸಿತು. ಹಾಕಿಕೋ ಹೋಗು ಎಂದರು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಮನೆಯದು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಲು ಬರುವುದಿಲ್ಲ. ಮಗಳು ಮಾತಿನಲ್ಲಿ "ಅಮ್ಮಾ" ಎಂದರೆ ಅದು ಹಾಗೇ ಉಳಿಯಬೇಕು, ಮಾತಿನ ಮೇಲಿನ ಹೆಸರು, ಯಾರು ಏನು ಮಾಡುತ್ತಾರೆಂದು ಹೇಳುವ ಸಾಲಿನ ಹೆಸರು ಮಾತ್ರ ಬದಲಾಗಬೇಕು. ಒಂದೊಂದಾಗಿ ಮಾಡಿದೆ. ಆಕೆ ಪಕ್ಕದಲ್ಲಿ ಕೂತು "ಇದು ಅಮ್ಮಂದೇ, ಇದೂ ಅಮ್ಮಂದೇ" ಎಂದು ಬೆರಳಿಟ್ಟು ತೋರಿಸಿದರು. ಮೂರು ಗಂಟೆಯ ಹೊತ್ತಿಗೆ ಮತ್ತೆ ಪಟ್ಟಿ ತೆಗೆದೆ. ಆ ಹೆಸರು ಗಂಡನನ್ನು ದಾಟಿ ಎಲ್ಲರಿಗಿಂತ ಮೇಲೆ ಬಂದು ಕೂತಿತ್ತು.

"ಇಷ್ಟೊಂದ್ ಮಾತಾಡಿದಾಳಾ? ನಮ್ಮನೇಲಿ ಎಲ್ರೂ ಅವ್ಳು ಬಾಯೇ ಬಿಡಲ್ಲ ಅಂತಿದ್ವಿ," ಎಂದು ಆಕೆ ಟಿಕೆಟ್ ಬ್ಯಾಗಿನಿಂದ ಕರ್ಚೀಫು ತೆಗೆದರು. ನಾನು ಪ್ರಿಂಟ್ ಕೊಟ್ಟು ಕಾಫಿ ತರಿಸಿದೆ. ಅರ್ಧ ಕುಡಿದು ಓಡಿದರು.

ಸಂಜೆ ಆರಕ್ಕೆ ಫೋನ್ ಬಂತು. ಹಿಂದೆ ಬಸ್ಸಿನ ಸದ್ದು.

"ಅಕ್ಕಾ, ಹೀರೋಯಿನ್ ಎಲ್ಲಿ ಅಂತ ಕೇಳ್ಲೇ ಇಲ್ಲ. ಅಲ್ಲೇ ಇಪ್ಪತ್ತು ಪುಟ ಓದಿದ್ರು. ಮಿಕ್ಕಿದ್ದು ಔಟ್‌ಡೋರ್‌ಗೆ ತಗೊಂಡ್ ಹೋಗ್ತೀನಿ ಅಂದ್ರು."

"ಮತ್ತೇನಂದ್ರು?"

ಆಕೆ ಅಮ್ಮನ ಹೆಸರನ್ನು ಪೂರ್ತಿಯಾಗಿ ಹೇಳಿ, "ಅವ್ರಿಗೆ ಆಮೇಲೆ ಏನಾಗತ್ತೆ ಅಂತ ಕೇಳಿದ್ರು ಅಕ್ಕಾ," ಎಂದರು. "ಹೊರಗಿನವ್ರು ನಮ್ಮಮ್ಮನ್ ಬಗ್ಗೆ ಹೆಸ್ರು ಹಿಡಿದು ಕೇಳಿದ್ದು ಇದೇ ಮೊದ್ಲು."