ಶುಕ್ರವಾರ ಖಾಲಿಯಿಲ್ಲದ ಹೊತ್ತು

ಹೊಸಬರಿಗೆ ಸಮಯ ಕಾದಿರಿಸುವ ಲಿಂಕ್ ಕಳಿಸುವುದು ನನಗೆ ಹಲ್ಲುಜ್ಜಿದಷ್ಟೇ ಅಭ್ಯಾಸ. ಕೋಲ್ಕತ್ತಾದ ನ್ಯೂ ಟೌನ್‌ನಲ್ಲಿರುವ ನಮ್ಮ ಕಂಪನಿ ಶಾಲೆಗಳಿಗೆ ಸಾಫ್ಟ್‌ವೇರ್ ಮಾಡುತ್ತದೆ; ಅದನ್ನು ತೋರಿಸಿ ವಿವರಿಸುವವನು ನಾನು. ಆ ಸೋಮವಾರ ಸದರ್ನ್ ಅವೆನ್ಯೂ ಬಳಿಯ ಶಾಲೆಯೊಂದರ ಕಚೇರಿ ನೋಡಿಕೊಳ್ಳುವ ಹೆಂಗಸಿಗೆ ಕಳಿಸಿದೆ. ಕುಂದಾಪುರದ ಕಡೆಯವರು, ಗಂಡನ ಬ್ಯಾಂಕಿನ ವರ್ಗಾವಣೆಯ ಜೊತೆ ಇಲ್ಲಿಗೆ ಬಂದವರು. ಕನ್ನಡದವರೆಂದು ತಿಳಿದಿದ್ದರಿಂದ ವಿವರಣೆಯನ್ನೂ ಕನ್ನಡದಲ್ಲೇ ಬರೆದೆ: ಲಿಂಕ್ ತೆರೆಯಿರಿ, ದಿನಾಂಕ ಒತ್ತಿ, ಖಾಲಿ ಇರುವ ಗಂಟೆಗಳು ಮಾತ್ರ ಕಾಣುತ್ತವೆ, ಒಂದನ್ನು ಆರಿಸಿ ಹೆಸರು, ಇಮೇಲ್ ತುಂಬಿ ಬುಕ್ ಮಾಡಿ. ಖಚಿತಪಡಿಸುವ ಮೇಲ್ ಬರುತ್ತದೆ, ಆಗದಿದ್ದರೆ ಅದರಿಂದಲೇ ರದ್ದು ಮಾಡಬಹುದು.

ಮಧ್ಯಾಹ್ನ ಅವರ ಫೋನ್ ಬಂತು. ಅವರಿಗೆ ಬಿಡುವಿರುವುದು ಶುಕ್ರವಾರ ಹನ್ನೊಂದಕ್ಕೆ ಮಾತ್ರ. ಪುಟದಲ್ಲಿ ಒಂಬತ್ತೂವರೆ ಕಾಣುತ್ತದೆ, ಆಮೇಲೆ ನೇರ ಹನ್ನೆರಡು. ಟೈಮ್ ಝೋನ್ ಭಾರತದ್ದೇ ಇದೆಯೇ ನೋಡಿ ಎಂದೆ, ಎಲ್ಲ ತಿಳಿದವನ ಗತ್ತಿನಲ್ಲಿ. ನೋಡಿದ್ದೇನೆ ಎಂದು ಬೇರೆ ದಿನಗಳನ್ನೂ ಒತ್ತಿ ನೋಡಿದರು. ಮಂಗಳವಾರ ಮೂರರಿಂದ ನಾಲ್ಕೂವರೆ ಇಲ್ಲ, ಬುಧವಾರ ಹನ್ನೆರಡರಿಂದ ಒಂದೂವರೆ ಇಲ್ಲ ಎಂದು ಓದಿ ಹೇಳಿದರು.

"ನಿಮ್ಮಲ್ಲಿ ಯಾರೋ ರಾಹುಕಾಲ ನೋಡುವವರು ಉಂಟಲ್ವಾ?"

ಇದ್ದ. ನನ್ನ ಪಕ್ಕದ ಕುರ್ಚಿಯ ಮೈಸೂರಿನ ಗೆಳೆಯ. ತಂಡದ ಕ್ಯಾಲೆಂಡರಿನಲ್ಲಿ ದಿನಾಲೂ ರಾಹುಕಾಲಕ್ಕೆ 'ಬಿಡುವಿಲ್ಲ' ಎಂದು ಹಾಕಿ, ಪ್ರತಿ ವಾರ ತಾನಾಗಿ ಬರುವಂತೆ ಮಾಡಿದ್ದ. ಅದೂ ಮೈಸೂರು ಪಂಚಾಂಗದ ಹೊತ್ತು. ಇಲ್ಲಿ ಸೂರ್ಯ ಮೊದಲೇ ಹುಟ್ಟುತ್ತಾನೆ, ನಿನ್ನ ರಾಹುವಿಗೆ ಕೋಲ್ಕತ್ತಾದ ವಿಳಾಸವೇ ಗೊತ್ತಿಲ್ಲ ಎಂದು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದೆ. ಅವನೂ ನಗುತ್ತಿದ್ದ, ತೆಗೆಯುತ್ತಿರಲಿಲ್ಲ.

ಹೋದ ಚಳಿಗಾಲದ ಒಂದು ಶುಕ್ರವಾರ ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಗ್ರಾಹಕರೊಬ್ಬರು ಹನ್ನೊಂದಕ್ಕೇ ಬರುತ್ತೇನೆಂದರು. ನಾನು ಅವನನ್ನು ಕೇಳದೆ ಅವತ್ತಿನ ತಡೆ ತೆಗೆದು ಸಭೆ ಇಟ್ಟೆ, ಆಮೇಲೆ ಫೋನ್ ಮಾಡಿ ಬಾ ಎಂದೆ. "ಬೇಡ ಕಣೋ, ಹನ್ನೆರಡರ ಮೇಲೆ ಇಟ್ಕೊಳೋಣ" ಎಂದ. ನಿನ್ನ ಕಂದಾಚಾರಕ್ಕೆ ಕಂಪನಿ ಕಾಯಬೇಕಾ ಎಂದು ರೇಗಿದೆ. ಅವನು ಬಂದು ತಲುಪಲಿಲ್ಲ. ಕ್ಯಾಬಿಗೆ ಲಾರಿ ಗುದ್ದಿತ್ತು.

ರಾಹುವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಹನ್ನೆರಡಕ್ಕೆ ಇಟ್ಟಿದ್ದರೆ ಅವನು ಆ ರಸ್ತೆಯಲ್ಲಿ ಇರುತ್ತಿರಲಿಲ್ಲ, ಇದಕ್ಕೆ ನಂಬಿಕೆ ಬೇಕಿಲ್ಲ. ಹನ್ನೊಂದನೆಯ ದಿನ ಅವನ ಹೆಂಡತಿ ನನ್ನನ್ನೇ ಕೇಳಿದ್ದರು, ಆ ಹೊತ್ತಿನಲ್ಲಿ ಎಂದೂ ಹೊಸ್ತಿಲು ದಾಟದವರು ಯಾಕೆ ಹೊರಟರು ಎಂದು. ಗೊತ್ತಿಲ್ಲ ಎಂದುಬಿಟ್ಟೆ. ಆ ಸುಳ್ಳು ನನ್ನ ಜೊತೆಗೇ ಉಣ್ಣುತ್ತದೆ, ಮಲಗುತ್ತದೆ.

ತಂಡದ ಕ್ಯಾಲೆಂಡರನ್ನು ನನ್ನ ಪರದೆಯಲ್ಲಿ ಕಾಣದಂತೆ ಮಾಡಿದ್ದೆ, ಅವನು ಬರೆದದ್ದನ್ನು ನೋಡಲಾರದೆ. ಕಣ್ಣಿಗೆ ಮರೆಯಾದರೂ ಲಿಂಕ್ ಅದನ್ನು ನೋಡುತ್ತಲೇ ಇತ್ತು. ತಿಂಗಳುಗಟ್ಟಲೆ ಅವನು ನನ್ನ ಹೊತ್ತು ಕಾಯುತ್ತಿದ್ದ.

"ಅವರಿಗೆ ಬೇಸರ ಆಗದಿದ್ರೆ ಅದೊಂದು ದಿನದ್ದು ಮಾತ್ರ ತೆಗೀಲಿಕ್ಕೆ ಹೇಳಿ" ಎಂದರು ಫೋನಿನಲ್ಲಿ ಆಕೆ. ಹೇಳುತ್ತೇನೆ ಎಂದೆ. ಬೇರೇನು ಹೇಳಲಿ?

ಕ್ಯಾಲೆಂಡರ್ ತೆರೆದು ಅವನ ಶುಕ್ರವಾರದ ತಡೆ ಅಳಿಸಲು ಹೋದರೆ ಅದು ಕೇಳಿತು: ಇದೊಂದೇ, ಇದು ಮತ್ತು ಮುಂದಿನವು, ಇಲ್ಲವೇ ಎಲ್ಲವೂ? ಅವತ್ತೂ ಇದೇ ಪ್ರಶ್ನೆ ಕೇಳಿತ್ತು. ಇದೊಂದೇ ಎಂದೆ. ಪುಟವನ್ನು ಮತ್ತೆ ತೆರೆಯಿರಿ ಎಂದು ಆಕೆಗೆ ತಿಳಿಸಿದೆ. ಐದು ನಿಮಿಷದಲ್ಲಿ ಬುಕಿಂಗ್ ಮೇಲ್ ಬಂತು. ಶುಕ್ರವಾರ ಹನ್ನೊಂದು, ಸ್ಥಳ ನಮ್ಮ ಕಚೇರಿ. ಅಂದರೆ ಅದೇ ಹೊತ್ತಿಗೆ ಇನ್ನೊಬ್ಬರು ಕ್ಯಾಬ್ ಹತ್ತಿ ನನ್ನ ಬಳಿ ಬರಬೇಕು. ನನ್ನಿಂದಾಗಲಿಲ್ಲ. ಫೋನ್ ಮಾಡಿ, ನೀವು ಬರಬೇಡಿ, ನಾನೇ ಬರುತ್ತೇನೆ ಎಂದೆ.

ಶುಕ್ರವಾರ ಹತ್ತಕ್ಕೆ ಕ್ಯಾಬ್ ಹತ್ತಿದೆ. ಬೈಪಾಸಿನಲ್ಲಿ ಪ್ರತಿ ಲಾರಿಯ ಹಾರ್ನಿಗೂ ಮುಂದಿನ ಸೀಟು ಹಿಡಿದು ಕೂತೆ. ಶಾಲೆ ತಲುಪಿದಾಗ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಆಕೆ ನೀರು ಕೊಟ್ಟು, ಲ್ಯಾಪ್‌ಟಾಪ್ ಇಡಲು ಜಾಗ ಮಾಡುತ್ತ ವಿಚಾರಿಸಿದರು.

"ನಿಮ್ಮವರು ಒಪ್ಪಿದ್ರಾ?"

"ಅವನಿಲ್ಲ" ಎಂದೆ. "ಅವತ್ತೂ ನಾನು ಅವನನ್ನ ಕೇಳ್ಲಿಲ್ಲ."

ಎಲ್ಲ ಹೇಳಿದೆ, ಮೊದಲ ಬಾರಿಗೆ, ಅವತ್ತೇ ಮೊದಲು ಮುಖ ಕಂಡವರ ಮುಂದೆ. ಅವರು ಸಮಾಧಾನ ಹೇಳಲಿಲ್ಲ. ಅವನ ಹೆಂಡತಿಗೆ ಗೊತ್ತುಂಟಾ ಎಂದರು. ಇಲ್ಲ ಎಂದೆ. ಎಲ್ಲಿದ್ದಾರೆ ಎಂದರು. ಇಲ್ಲೇ, ನನ್ನ ಮನೆಯಿರುವ ಕಟ್ಟಡದಿಂದ ಎರಡನೆಯ ಕಟ್ಟಡ ಎಂದೆ.

ಅವರು ಗಡಿಯಾರ ನೋಡಿ ನನ್ನ ಲ್ಯಾಪ್‌ಟಾಪನ್ನು ಮುಚ್ಚಿದರು.

"ಇದು ಇನ್ನೊಂದು ದಿನ ಆಗ್ತದೆ. ನೀವು ಈಗ ಅಲ್ಲಿಗೆ ಹೋಗಿ."