ಅಕ್ಕನ ಬದಲಿಗೆ ನಿಂತವರು

ಘಟ್ಟದ ಮೇಲೆ ನಾವು ಹಿಡಿದ ಬಾಡಿಗೆ ಮನೆಯಲ್ಲಿ ನಮಗಿಂತ ಮೊದಲೇ ತೆಂಗಿನಕಾಯಿಗಳು ಸಂಸಾರ ಹೂಡಿದ್ದವು. ಅಟ್ಟದ ತುಂಬ ಅವೇ. ಮೊದಲ ದಿನ ತಲೆಯ ಮೇಲೆ ಏನೋ ದಡಬಡನೆ ಉರುಳಿದಾಗ ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದೆ. ಪಕ್ಕದಲ್ಲೇ ಇದ್ದ ಮನೆಯೊಡತಿ ಪುಟ್ಟಮ್ಮ ಬಂದು ನೋಡಿ ನಕ್ಕರು.

"ಕಾಯಿ ಕಣವ್ವ. ಒಣಗಾಕೆ ಹಾಕಿದ್ದೀವಿ. ಗಿಟುಕಾದ್ಮೇಲೆ ಇಳಿಸ್ತೀವಿ."

ಗಿಟುಕು ಎಂದರೆ ಚಿಪ್ಪಿನೊಳಗೇ ಒಣಗಿ ಗುಂಡಗೆ ಬಿಟ್ಟುಕೊಂಡ ಇಡೀ ಕೊಬ್ಬರಿ. ಅದಕ್ಕೆ ವರ್ಷದ ಹತ್ತಿರ ಕಾಯಬೇಕು. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಬಿದ್ದ ಕಾಯಿ ಮಧ್ಯಾಹ್ನ ಮೀನಿನ ಸಾರಿನಲ್ಲಿರುತ್ತದೆ. ಇಲ್ಲಿ ಮೀನೂ ಇಲ್ಲ, ಅವಸರವೂ ಇಲ್ಲ. ಕುಚ್ಚಲಕ್ಕಿ ಗಂಜಿಯ ಜಾಗದಲ್ಲಿ ಮುದ್ದೆ ಬಂತು. ನನ್ನ ಪುಸ್ತಕದ ಕನ್ನಡ ಕೇಳಿ ಅಂಗಡಿಯವರು ನನ್ನನ್ನು ಟೀಚರಮ್ಮ ಅಂದುಕೊಂಡರು. ಗಂಡ ಲಾರೆನ್ಸ್ ಪಶು ಆಸ್ಪತ್ರೆಯ ಕೆಲಸದವರು. ಬೆಳಗಾದರೆ ಶೆಟ್ಟಿಕೆರೆಯ ಕಡೆಗೋ ಕೆಂಕೆರೆಯ ಕಡೆಗೋ ಕುರಿಗಳಿಗೆ ಸೂಜಿ ಚುಚ್ಚಲು ಹೊರಟುಬಿಡುತ್ತಿದ್ದರು. ನಾವಿದ್ದ ಚಿಕ್ಕನಾಯಕನಹಳ್ಳಿಯಲ್ಲಿ ನಮ್ಮ ಕ್ರೈಸ್ತರ ಒಂದು ಮನೆಯೂ ಇರಲಿಲ್ಲ. ಭಾನುವಾರ ಚರ್ಚಿನ ಗಂಟೆಯ ಸದ್ದಿಲ್ಲದೆ ಬೆಳಗಾಗುವುದಕ್ಕೆ ನಾನು ಇಂದಿಗೂ ಹೊಂದಿಕೊಂಡಿಲ್ಲ. ಪೂಜೆ ಬೇಕೆಂದರೆ ತಿಪಟೂರಿಗೆ ಬಸ್ಸು ಹತ್ತಬೇಕು. ಅಲ್ಲಿಯ ಪುಟ್ಟ ಗುಡಿಗೂ ಪಾದ್ರಿಗಳು ಬರುತ್ತಿದ್ದುದು ತಿಂಗಳಿಗೊಮ್ಮೆ.

ಹೆರಿಗೆಗೆ ಊರಿಗೆ ಹೋಗುವುದೆಂದು ಆಗಿತ್ತು. ಅಮ್ಮ ಇಲ್ಲದ ನನಗೆ ಅಕ್ಕ ಲಿಲ್ಲಿಯೇ ಅಮ್ಮ. ಆದರೆ ಮಗಳು ತಿಂಗಳು ತುಂಬುವ ಮೊದಲೇ ಇಲ್ಲೇ, ಈ ಅಟ್ಟದ ಕೆಳಗೇ ಹುಟ್ಟಿದಳು. ಲಾರೆನ್ಸ್ ಡಾಕ್ಟರನ್ನು ಕರೆತರಲು ಓಡಿದ್ದರು. ಸೂಲಗಿತ್ತಿ ನನ್ನ ರಕ್ತ ನಿಲ್ಲಿಸುವುದರಲ್ಲಿದ್ದಳು. ಮಗು ಅಳಲಿಲ್ಲ. ಪುಟ್ಟಮ್ಮನ ಕೈಯಲ್ಲಿ ನೀಲಿಯಾಗಿ ಮಲಗಿತ್ತು.

ಮಗು ಉಳಿಯುವುದಿಲ್ಲ ಅನಿಸಿತು. ಜ್ಞಾನಸ್ನಾನ ಇಲ್ಲದೆ ಹೋಗಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಪ್ರಾಣಾಪಾಯವಿದ್ದರೆ ಅದನ್ನು ಯಾರು ಬೇಕಾದರೂ ಕೊಡಬಹುದು, ಕ್ರೈಸ್ತರಲ್ಲದವರೂ ಕೊಡಬಹುದು ಎಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೆ. ನನಗೆ ಕೈ ಎತ್ತಲೂ ತ್ರಾಣವಿರಲಿಲ್ಲ. "ಪುಟ್ಟಮ್ಮ, ಅದರ ತಲೆ ಮೇಲೆ ಮೂರು ಸಲ ನೀರು ಹುಯ್ಯಿ, ನಾನು ಹೇಳಿದ ಹಾಗೆ ಹೇಳಿ" ಎಂದೆ. ಅವರು ಯಾಕೆ ಏನು ಎಂದು ಕೇಳಲಿಲ್ಲ. ಏನನ್ನೋ ತಂದರು. ಕಣ್ಣು ಮುಚ್ಚಿಯೇ ಒಂದೊಂದೇ ಮಾತು ಹೇಳಿಕೊಟ್ಟೆ. "ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ." ಪುಟ್ಟಮ್ಮ ಒಂದಕ್ಷರ ತಪ್ಪದೆ ಹೇಳಿ ಹುಯ್ದರು. ಸ್ವಲ್ಪ ಹೊತ್ತಿಗೆ ಮಗು ಕೀರಲು ದನಿಯಲ್ಲಿ ಅತ್ತಿತು.

ಆಮೇಲಿನ ಎರಡು ತಿಂಗಳು ಆ ನೆಮ್ಮದಿಯ ಮೇಲೆಯೇ ಬದುಕಿದೆ. ಸಣಕಲು ಕೂಸು, ಯಾವಾಗ ಏನಾಗುತ್ತದೋ ಗೊತ್ತಿಲ್ಲ. ಆದರೆ ಏನೇ ಆಗಲಿ, ಅವಳು ದೇವರ ಮಗಳು ಎಂದುಕೊಳ್ಳುತ್ತಿದ್ದೆ.

ತಿಪಟೂರಿನ ಪಾದ್ರಿಗಳಿಗೆ ವಿಷಯ ತಿಳಿಸಿದೆ. "ಒಮ್ಮೆ ಆದದ್ದು ಮತ್ತೆ ಮಾಡುವ ಹಾಗಿಲ್ಲ. ಉಳಿದ ವಿಧಿಗಳನ್ನು ಗುಡಿಯಲ್ಲಿ ಮುಗಿಸೋಣ. ನೀರು ಹುಯ್ದವರನ್ನೂ ಕರೆದುಕೊಂಡು ಬನ್ನಿ, ವಿಚಾರಿಸಬೇಕು" ಎಂದರು.

ಇನ್ನು ಜ್ಞಾನತಂದೆ, ಜ್ಞಾನತಾಯಿ ಆಗಬೇಕಲ್ಲ. ನಮ್ಮಲ್ಲಾದರೆ ಚೊಚ್ಚಲ ಮಗುವಿಗೆ ಅಜ್ಜ ಅಜ್ಜಿ ನಿಲ್ಲುವುದು ವಾಡಿಕೆ. ನಮಗೆ ಎರಡೂ ಕಡೆ ಹಿರಿಯರಿರಲಿಲ್ಲ. ಲಿಲ್ಲಿಯಕ್ಕ ಒಪ್ಪಿದ್ದಳು, ಆದರೆ ಅವಳ ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಹೊರಡುವಂತಿರಲಿಲ್ಲ. "ನಾನೇ ನಿಂತ್ಕೊಂಡ್ರೆ ಆಗಲ್ವ?" ಎಂದು ಪುಟ್ಟಮ್ಮ ಕೇಳಿದರು. ಆಗುವುದಿಲ್ಲ. ಜ್ಞಾನಸ್ನಾನ, ದೃಢೀಕರಣ ಎರಡೂ ಪಡೆದ ಕಥೋಲಿಕರೇ ನಿಲ್ಲಬೇಕು, ನಾಳೆ ಮಗುವಿಗೆ ವಿಶ್ವಾಸ ಕಲಿಸುವ ಹೊಣೆ ಅವರದು. ಅದನ್ನು ಆಕೆಗೆ ಸುತ್ತಿ ಬಳಸಿ ಹೇಳಿದೆ. ಪಾದ್ರಿಗಳು ದಾರಿ ತೋರಿಸಿದರು. ಜ್ಞಾನತಾಯಿ ಅಕ್ಕನೇ, ಅವಳ ಬದಲಿಗೆ ಇನ್ನೊಬ್ಬರು ನಿಲ್ಲಬಹುದು. ತಿಪಟೂರಿನ ರೈಲ್ವೆ ಕ್ವಾರ್ಟರ್ಸಿನ ಅರುಳ್‌ದಾಸ್ ಜ್ಞಾನತಂದೆಯಾಗಲು ಒಪ್ಪಿದರು, ಅವರ ಹೆಂಡತಿ ಮೇರಿಯಮ್ಮ ಅಕ್ಕನ ಬದಲಿಗೆ. ಒಳ್ಳೆಯ ಜನ. ಆದರೆ ಅವರದು ತಮಿಳು, ನಮ್ಮದು ಕೊಂಕಣಿ. ನಗುವುದು ಬಿಟ್ಟರೆ ನಮ್ಮ ನಡುವೆ ಹೆಚ್ಚು ಮಾತಿರಲಿಲ್ಲ. ಹೆತ್ತ ಮಗುವಿಗೆ ಗುರುತಿಲ್ಲದವರನ್ನು ಬಂಧುಗಳನ್ನಾಗಿ ಮಾಡಿಕೊಳ್ಳಬೇಕಾಯಿತಲ್ಲ ಎಂದು ಬಹಳ ಅತ್ತೆ.

ನನ್ನ ಮದುವೆಯ ಬಿಳಿ ಸೀರೆಯನ್ನು ಕತ್ತರಿಸಿ ಟೈಲರ್ ಖಾಸಿಂ ಸಾಹೇಬರು ನಿಲುವಂಗಿ ಹೊಲಿದರು, ಕಾಲಿಗಿಂತ ಒಂದು ಮೊಳ ಉದ್ದ. "ಎಳೇ ಕೂಸಿಗೆ ಬಿಳೀದು ಯಾಕವ್ವ, ಒಂದು ಹಸ್ರು ಅಂಚಾದ್ರೂ ಹಾಕ್ಸು" ಎಂದು ಪುಟ್ಟಮ್ಮ ಗೊಣಗಿದರು. ಕ್ರಿಸ್ತನನ್ನು ತೊಟ್ಟುಕೊಂಡ ಗುರುತು ಅದು ಎಂದೆ. ಅವರಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ.

ಆ ಭಾನುವಾರ ಪುಟ್ಟಮ್ಮ ರೇಷ್ಮೆ ಸೀರೆ ಉಟ್ಟು ನಮ್ಮ ಜೊತೆ ತಿಪಟೂರಿಗೆ ಬಂದರು. ಗುಡಿಯ ಜಗುಲಿಯಲ್ಲಿ ಪಾದ್ರಿಗಳು ಅವರನ್ನು ಮೆಲ್ಲಗೆ ಕೇಳಿದರು. ಏನು ಹೇಳಿದಿರಿ? ಹೇಳಿದರು. ಯಾವ ಮನಸ್ಸಿನಿಂದ? "ಇವ್ರ ದೇವ್ರಿಗೆ ಒಪ್ಸಿಬುಡಾನ ಅಂತ." ತಲೆಯ ಮೇಲೆ ಹರಿಯಿತೇ? "ಕಿವಿಗಂಟ ಹರೀತು." ಪಾದ್ರಿಗಳು ತಲೆದೂಗಿದರು. "ಬಾವಿ ನೀರೋ?"

"ಎಲ್ಲಾದ್ರೂ ಉಂಟಾ ಬುದ್ಧಿ" ಎಂದರು ಪುಟ್ಟಮ್ಮ, ಹೆಮ್ಮೆಯಿಂದ. "ದೇವ್ರ ಕೆಲ್ಸ ಅಲ್ವ. ಹಂಡೆ ನೀರು ಯಾರ್‍ಯಾರು ಮುಟ್ಟಿರ್ತಾರೋ. ಎಳನೀರು ಕೆತ್ಸಿ ತಂದು ಹುಯ್ದೆ."

 ಪಾದ್ರಿಗಳು ನನ್ನ ಕಡೆ ತಿರುಗಿದರು. "ನೀರೇ ಆಗಬೇಕಮ್ಮ. ಎಳನೀರು, ಹಾಲು, ಪನ್ನೀರು ಯಾವುದೂ ನಡೆಯುವುದಿಲ್ಲ. ಮಗುವಿಗೆ ಜ್ಞಾನಸ್ನಾನ ಆಗಿಲ್ಲ. ಈಗ ಪೂರ್ತಿಯಾಗಿ ಕೊಡುತ್ತೇನೆ."

ಎರಡು ತಿಂಗಳ ನನ್ನ ನೆಮ್ಮದಿಗೆ ಬುಡವೇ ಇರಲಿಲ್ಲ.

ಬಾಗಿಲಲ್ಲೇ ಶುರುವಾಯಿತು. ಮಗುವಿಗೆ ಏನು ಹೆಸರು? ಆಗ್ನೆಸ್. ಧರ್ಮಸಭೆಯಿಂದ ಏನು ಕೇಳುತ್ತೀರಿ? ಜ್ಞಾನಸ್ನಾನ. ಪಾದ್ರಿಗಳು, ಆಮೇಲೆ ನಾವಿಬ್ಬರು, ಅರುಳ್‌ದಾಸ್, ಮೇರಿಯಮ್ಮ ಸರದಿಯಂತೆ ಅವಳ ಹಣೆಗೆ ಶಿಲುಬೆಯ ಗುರುತು ಹಾಕಿದೆವು. ಒಳಗೆ ವಾಚನ, ಸಂತರ ಪ್ರಾರ್ಥನೆ, ಎದೆಗೆ ಎಣ್ಣೆ. ಪಾದ್ರಿಗಳು ನೀರನ್ನು ಆಶೀರ್ವದಿಸಿದರು. ಸೈತಾನನನ್ನು ತ್ಯಜಿಸುತ್ತೀರಾ? ತ್ಯಜಿಸುತ್ತೇವೆ. ದೇವರನ್ನು ವಿಶ್ವಾಸಿಸುತ್ತೀರಾ? ವಿಶ್ವಾಸಿಸುತ್ತೇವೆ. ಮಗುವನ್ನು ನಾನೇ ಹಿಡಿದಿದ್ದೆ. ಮೂರು ಸಲ ನೀರು ಬಿತ್ತು, ಅವಳು ಗುಡಿ ಹಾರಿಹೋಗುವಂತೆ ಕಿರುಚಿದಳು. ನೆತ್ತಿಗೆ ಪರಿಮಳ ತೈಲ ಹಚ್ಚಿ ನಿಲುವಂಗಿ ತೊಡಿಸಿದರು. ಪಾಸ್ಕ ಹಬ್ಬದ ದೊಡ್ಡ ಮೇಣದ ಬತ್ತಿಯಿಂದ ಅರುಳ್‌ದಾಸ್ ಸಣ್ಣದೊಂದನ್ನು ಹೊತ್ತಿಸಿಕೊಂಡರು. ಕೊನೆಗೆ ಕಿವಿ ಬಾಯಿ ಮುಟ್ಟಿ ಪ್ರಾರ್ಥನೆ, ಪರಲೋಕ ಮಂತ್ರ, ತಂದೆತಾಯಿಗೆ ಆಶೀರ್ವಾದ. ಪುಟ್ಟಮ್ಮ ಕೊನೆಯ ಬೆಂಚಿನಲ್ಲಿ ಕೈಮುಗಿದು ಕೂತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟಮ್ಮ ಕೇಳಿದರು. "ಆವತ್ತು ಕೂಸು ಹೋಗ್ಬುಟ್ಟಿದ್ರೆ, ನಾನು ಒಪ್ಸಿದ್ದು ನಿಮ್ ದೇವ್ರಿಗೆ ಸೇರ್ತಿರ್ಲಿಲ್ವೇನವ್ವ?"

ಅದನ್ನೇ ನಾನು ಪಾದ್ರಿಗಳನ್ನು ಕೇಳಿದ್ದೆ. ದೇವರು ಮನಸ್ಸು ನೋಡುತ್ತಾನೆ ಎಂದಿದ್ದರು. ಅದನ್ನೇ ಹೇಳಿದೆ. ಪುಟ್ಟಮ್ಮ ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಊರು ಬರುವವರೆಗೂ ಕೊಡಲಿಲ್ಲ.

ಆಗ್ನೆಸ್ ಈಗ ಓಡಾಡುತ್ತಾಳೆ, ಕೊಂಕಣಿಗಿಂತ ಮೊದಲು ಪುಟ್ಟಮ್ಮನ ಮಾತು ಕಲಿತಿದ್ದಾಳೆ. ಕರಾವಳಿಗೆ ಹೋದಾಗ ಯಾರಾದರೂ ಕೇಳಿದರೆ ತಿಪಟೂರಿನಲ್ಲಿ ಪಾದ್ರಿಗಳು ಜ್ಞಾನಸ್ನಾನ ಕೊಟ್ಟರು ಎನ್ನುತ್ತೇನೆ. ಇಲ್ಲಿ ಬೀದಿಯ ಹೆಂಗಸರಿಗೆ ಪುಟ್ಟಮ್ಮ "ಇದುನ್ನ ದೇವ್ರಿಗೆ ಒಪ್ಸಿದೋಳು ನಾನು" ಎಂದು ಹೇಳುತ್ತಾರೆ. ನಾನು ತಿದ್ದುವುದಿಲ್ಲ.

ನನಗೆ ಮತ್ತೆ ಐದು ತಿಂಗಳು. ಈ ಸಲವಾದರೂ ಬೇಗ ಬಂದುಬಿಡು, ಇಲ್ಲಿ ಎಲ್ಲರೂ ನಿನ್ನವರೇ ಇದ್ದಾರೆ ಎಂದು ಲಿಲ್ಲಿಯಕ್ಕ ಬರೆದಿದ್ದಾಳೆ. ಮೊನ್ನೆ ಅದನ್ನು ಪುಟ್ಟಮ್ಮನಿಗೆ ಹೇಳಿದೆ. ಅವರು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟರು.

"ಹೋಗವ್ವ, ತೌರು ತೌರೇ" ಎಂದರು. ಮೊರ ಮತ್ತೆ ಎತ್ತಿಕೊಂಡು, "ಇಲ್ಲೇ ಇದ್ರೂ ಭಯ ಬೇಡ. ಈ ಸಲ ಬರೀ ನೀರೇ ಹುಯ್ತೀನಿ" ಎಂದರು.

ಅಕ್ಕನಿಗೆ ಏನು ಬರೆಯಬೇಕೆಂದು ಇನ್ನೂ ತಿಳಿಯುತ್ತಿಲ್ಲ.